ಅತ್ತೆಯ ನೆಟ್‌ಬ್ಯಾಂಕಿಂಗ್: ತಲೆಯಲ್ಲಿ ಯಾವುದು, ಬೀರುವಿನಲ್ಲಿ ಯಾವುದು, ಫೋನಿನಲ್ಲಿ ಯಾವುದು

ಪ್ರಶ್ನೆ: ನಮ್ಮ ಸೋದರತ್ತೆಗೆ 71 ವರ್ಷ. ಬಸವನಗುಡಿಯಲ್ಲಿ ಒಬ್ಬರೇ ಇದ್ದಾರೆ, ನಿವೃತ್ತ ಶಿಕ್ಷಕಿ. ಪಿಂಚಣಿ ಖಾತೆಗೆ ನೆಟ್‌ಬ್ಯಾಂಕಿಂಗ್ ಮತ್ತು ಯುಪಿಐ ಈಗಷ್ಟೇ ಮಾಡಿಸಿದ್ದೇವೆ. ಆಂಡ್ರಾಯ್ಡ್ ಫೋನ್ ಇದೆ. ಅವರಿಗೆ ಪಾಸ್‌ವರ್ಡುಗಳನ್ನೆಲ್ಲ ತಾನೇ ಉಳಿಸಿಟ್ಟುಕೊಳ್ಳುವ ಪಾಸ್‌ವರ್ಡ್ ಮ್ಯಾನೇಜರ್ ಆ್ಯಪ್ ಹಾಕಿಕೊಡಲೇ, ಅಥವಾ ಮೂರ್ನಾಲ್ಕು ಗಟ್ಟಿ ಪಾಸ್‌ವರ್ಡ್ ಬಾಯಿಪಾಠ ಮಾಡಿಸಲೇ? ನನ್ನ ತಂಗಿ ಮೊದಲನೆಯದು ಅನ್ನುತ್ತಾಳೆ, ಅತ್ತೆ "ನಂಗೆ ಎಲ್ಲಾ ನೆನಪಿರತ್ತೆ ಕಣೋ" ಅನ್ನುತ್ತಾರೆ.

ಉತ್ತರ: ನಿಮ್ಮ ಅತ್ತೆಗೆ ನೆನಪಿರುತ್ತದೆ ಅನ್ನುವುದನ್ನು ನಾನು ನಂಬುತ್ತೇನೆ. ಮೂವತ್ತು ವರ್ಷ ಹಾಜರಿ ಪುಸ್ತಕ ಕರೆದವರು ಅವರು. ಆದರೆ ನೆನಪು ಉಳಿಯುವುದು ಬಳಕೆಯಿಂದ. ವಾರಕ್ಕೆ ಎರಡು ಸಲ ಒತ್ತುವ ಅಂಕಿ ಬೆರಳಿಗೇ ಅಂಟಿಕೊಳ್ಳುತ್ತದೆ. ಆರು ತಿಂಗಳಿಗೊಮ್ಮೆ ಬೇಕಾಗುವ ಹದಿನೈದು ಅಕ್ಷರ ಎಪ್ಪತ್ತೊಂದರಲ್ಲಿ ಇರಲಿ, ನಲವತ್ತರಲ್ಲೂ ಉಳಿಯುವುದಿಲ್ಲ. ಹಾಗಾಗಿ ಮ್ಯಾನೇಜರ್ರೋ ಬಾಯಿಪಾಠವೋ ಅಂತ ತೀರ್ಮಾನಿಸುವ ಮೊದಲು ಅತ್ತೆಯ ಜೊತೆ ಒಂದು ಅರ್ಧ ಗಂಟೆ ಕೂತು, ಅವರು ನಿಜಕ್ಕೂ ಯಾವ ಗುಟ್ಟನ್ನು ಎಷ್ಟು ದಿನಕ್ಕೊಮ್ಮೆ ಒತ್ತುತ್ತಾರೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ.

ಬರೆದಾಗ ಸುಮಾರಾಗಿ ಹೀಗೆ ಬರುತ್ತದೆ. ಫೋನಿನ ಲಾಕ್, ದಿನಕ್ಕೆ ಹತ್ತಾರು ಸಲ. ಯುಪಿಐ ಪಿನ್, ತರಕಾರಿ, ಹೂವು, ಔಷಧಿ ಅಂತ ವಾರಕ್ಕೆ ನಾಲ್ಕೈದು ಸಲ. ಬ್ಯಾಂಕಿನ ಆ್ಯಪ್ ತೆರೆಯುವ ಎಂಪಿನ್, ಪಿಂಚಣಿ ಬಂತಾ ಅಂತ ನೋಡಲು ತಿಂಗಳಿಗೆ ಎರಡು ಮೂರು ಸಲ. ಎಟಿಎಂ ಪಿನ್ ಅವರಿಗೆ ಹತ್ತು ವರ್ಷದಿಂದ ಗೊತ್ತು. ಇನ್ನು ನೀವು ಚಿಂತಿಸುತ್ತಿರುವ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್? ಆ್ಯಪ್ ಒಮ್ಮೆ ನೋಂದಣಿ ಆದ ಮೇಲೆ ಅದು ಬಹುಮಟ್ಟಿಗೆ ನಿದ್ದೆ ಮಾಡುತ್ತದೆ. ಹೊಸ ಫೋನ್ ಕೊಂಡಾಗ, ಬಡ್ಡಿ ಸರ್ಟಿಫಿಕೇಟ್ ಬೇಕಾಗಿ ಕಂಪ್ಯೂಟರಿನಲ್ಲಿ ಕೂತಾಗ, ಎಫ್‌ಡಿ ಮುರಿಸುವಾಗ, ವರ್ಷಕ್ಕೆ ಎರಡು ಮೂರು ಸಲ ಎದ್ದರೆ ಹೆಚ್ಚು. ಹಲವು ಬ್ಯಾಂಕುಗಳಲ್ಲಿ ಇದರ ಜೊತೆಗೆ ಪ್ರೊಫೈಲ್ ಅಥವಾ ಟ್ರಾನ್ಸಾಕ್ಷನ್ ಪಾಸ್‌ವರ್ಡ್ ಅಂತ ಇನ್ನೊಂದಿರುತ್ತದೆ. ಅದು ಇನ್ನೂ ಅಪರೂಪ. ಜಿಮೇಲ್ ಪಾಸ್‌ವರ್ಡನ್ನಂತೂ ಫೋನ್ ಕೊಂಡ ದಿನ ನೀವೇ ಹಾಕಿರುತ್ತೀರಿ, ಅತ್ತೆ ಅದನ್ನು ಒಮ್ಮೆಯೂ ಒತ್ತಿರಲಾರರು.

ಪಟ್ಟಿ ಕಣ್ಣೆದುರಿಗೆ ಬಂದರೆ ಅರ್ಧ ಜಗಳ ಮುಗಿಯಿತು. ಪದೇ ಪದೇ ಒತ್ತುವ ಮೂರು ಅಂಕಿಗಳು ತಲೆಗೆ. ಅಪರೂಪದ, ಆದರೆ ದುಡ್ಡಿಗೆ ಸಂಬಂಧಪಟ್ಟ ಮೂರು ಪಾಸ್‌ವರ್ಡುಗಳು ಕಾಗದಕ್ಕೆ, ಬೀರುವಿನೊಳಗೆ. ಉಳಿದ ಚಿಲ್ಲರೆಯೆಲ್ಲ, ಬೆಸ್ಕಾಂ, ನೀರಿನ ಬಿಲ್, ಗ್ಯಾಸ್, ಔಷಧಿ ಅಂಗಡಿಯ ಆ್ಯಪ್, ಫೋನಿನಲ್ಲೇ ಇರುವ ಪಾಸ್‌ವರ್ಡ್ ಮ್ಯಾನೇಜರಿಗೆ. ನಿಮ್ಮ ತಂಗಿಯೂ ಪೂರ್ತಿ ತಪ್ಪಿಲ್ಲ, ಅತ್ತೆಯೂ ತಪ್ಪಿಲ್ಲ. ಇಬ್ಬರೂ ಕಾಗದವನ್ನು ಮರೆತಿದ್ದಾರೆ ಅಷ್ಟೆ.

ಕಾಗದ ಅಂದ ತಕ್ಷಣ ಹುಬ್ಬೇರಿಸುವವರಿದ್ದಾರೆ. ನಾನೂ ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದಷ್ಟು ಕಾಲ "ಎಲ್ಲೂ ಬರೆದಿಡಬೇಡಿ" ಅಂತ ಗ್ರಾಹಕರಿಗೆ ಉಪದೇಶ ಮಾಡಿದವಳೇ. ಆಮೇಲೆ ನಮ್ಮ ಚಿಕ್ಕಪ್ಪನ ಪ್ರಸಂಗ ನಡೆಯಿತು. ರಾಜಾಜಿನಗರದಲ್ಲಿದ್ದರು, ಲೆಕ್ಕಪತ್ರದಲ್ಲಿ ಭಾರಿ ಶಿಸ್ತು. ಅವರ ಮಗ ಅಮೆರಿಕದಿಂದ ರಜೆಗೆ ಬಂದವನು ಒಂದು ಒಳ್ಳೆಯ ಪಾಸ್‌ವರ್ಡ್ ಮ್ಯಾನೇಜರ್ ಹಾಕಿ, ಇರುವ ಹದಿಮೂರು ಪಾಸ್‌ವರ್ಡುಗಳನ್ನೂ ಅದರೊಳಗೆ ತುಂಬಿ, ಎಲ್ಲಕ್ಕೂ ಒಂದೇ ಮಾಸ್ಟರ್ ಪಾಸ್‌ವರ್ಡ್ ಬಾಯಿಪಾಠ ಮಾಡಿಸಿ ಹೋದ. ಎರಡು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಮೂರು ವಾರ ಫೋನ್ ಮುಟ್ಟಲಿಲ್ಲ. ವಾಪಸು ಬಂದು ಕೂತರೆ ಮಾಸ್ಟರ್ ಪಾಸ್‌ವರ್ಡಿನ ಮೊದಲರ್ಧ ಇದೆ, ಉಳಿದರ್ಧ ಇಲ್ಲ. ಇಂಥ ಮ್ಯಾನೇಜರುಗಳಲ್ಲಿ ಮಾಸ್ಟರ್ ಪಾಸ್‌ವರ್ಡ್ ಕಂಪನಿಗೂ ಗೊತ್ತಿರುವುದಿಲ್ಲ. ಅದೇ ಅದರ ಭದ್ರತೆ, ಮರೆತವನಿಗೆ ಅದೇ ಶಿಕ್ಷೆ. ಕಸ್ಟಮರ್ ಕೇರಿಗೆ ಫೋನ್ ಮಾಡಿ ಹುಟ್ಟಿದ ದಿನಾಂಕ ಹೇಳಿದರೆ ತೆರೆದುಕೊಡುವ ಬಾಬತ್ತಲ್ಲ. ಹದಿಮೂರೂ ಹೋಯಿತು. ಒಂದೊಂದನ್ನೂ ರೀಸೆಟ್ ಮಾಡಿಸಲು ನನಗೆ ಎರಡು ಭಾನುವಾರ ಹಿಡಿಯಿತು. ಆ ಮಾಸ್ಟರ್ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಬೀರುವಿನಲ್ಲಿ ಇಟ್ಟಿದ್ದರೆ ಏನೂ ಆಗುತ್ತಿರಲಿಲ್ಲ.

ಅತ್ತೆಯ ಪಾಸ್‌ವರ್ಡಿಗೆ ಹೊಂಚು ಹಾಕುವವನು ಎಲ್ಲೋ ದೂರದಲ್ಲಿ ಫೋನ್ ಹಿಡಿದು ಕೂತಿದ್ದಾನೆ. ಬಸವನಗುಡಿಯ ಮನೆಯ ಬೀರುವಿಗೆ ಅವನ ಕೈ ಹೋಗುವುದಿಲ್ಲ. ಬೀರುವಿಗೆ ಕೈ ಹಾಕುವ ಕಳ್ಳನಿಗೆ ಒಡವೆ ಬೇಕು, ನೋಟುಪುಸ್ತಕ ಬೇಡ. ನಡುವೆ ಉಳಿಯುವವರು ಮನೆಗೆ ಬಂದು ಹೋಗುವ ಪರಿಚಿತರು. ಅವರ ಬಗ್ಗೆ ಅನುಮಾನವಿದ್ದರೆ ಒಂದು ಸಣ್ಣ ಉಪಾಯವಿದೆ: ಪಾಸ್‌ವರ್ಡಿನ ಕೊನೆಯ ಪದವನ್ನು ಬರೆಯದೆ ತಲೆಯಲ್ಲಿ ಇಟ್ಟುಕೊಳ್ಳುವುದು. ಮೂರೂ ಪಾಸ್‌ವರ್ಡಿಗೆ ಅದೇ ಕೊನೆಯ ಪದ, ಹಾಗಾಗಿ ನೆನಪಿಡಬೇಕಾದ್ದು ಒಂದೇ. ಕಾಗದ ಯಾರಿಗೆ ಸಿಕ್ಕರೂ ಅದು ಅರ್ಧವೇ. ಚೀಟಿಯ ಮೇಲೆ ಬ್ಯಾಂಕಿನ ಹೆಸರಾಗಲಿ ಖಾತೆ ನಂಬರಾಗಲಿ ಬೇಡ, ಅತ್ತೆಗೆ ಅರ್ಥವಾಗುವ ಗುರುತು ಸಾಕು. ಫೋಟೋ ತೆಗೆದು ವಾಟ್ಸಾಪಿನಲ್ಲಿ ನಿಮಗೆ ಕಳಿಸುವುದು ಮಾತ್ರ ಬೇಡವೇ ಬೇಡ. ಫೋನಿನ ಕಾಂಟ್ಯಾಕ್ಟಿನಲ್ಲಿ "ಬ್ಯಾಂಕ್ ರಮೇಶ 4521" ಅಂತ ಬಚ್ಚಿಡುವ ಚಾಣಾಕ್ಷತನವೂ ಬೇಡ, ಫೋನ್ ಕದ್ದವರು ಮೊದಲು ಹುಡುಕುವುದು ಅಲ್ಲೇ.

ಈಗ ಗಟ್ಟಿ ಪಾಸ್‌ವರ್ಡ್ ಅಂದರೆ ಎಷ್ಟು ಗಟ್ಟಿ ಅನ್ನುವ ವಿಷಯ. ಬ್ಯಾಂಕಿನ ಲಾಗಿನ್ ಮತ್ತು ಮ್ಯಾನೇಜರಿನ ಮಾಸ್ಟರ್ ಪಾಸ್‌ವರ್ಡ್ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಾಮಾನ್ಯ ತಪ್ಪು. ಬ್ಯಾಂಕಿನ ಲಾಗಿನ್ ಪುಟದಲ್ಲಿ ಮೂರು ಸಲ ತಪ್ಪು ಒತ್ತಿದರೆ ಸಾಮಾನ್ಯವಾಗಿ ಆ ದಿನಕ್ಕೆ ಬಾಗಿಲು ಹಾಕಿಕೊಳ್ಳುತ್ತದೆ. ಊಹಿಸಿ ನುಗ್ಗುವವನಿಗೆ ದಿನಕ್ಕೆ ಮೂರೇ ಅವಕಾಶ. ಮ್ಯಾನೇಜರು ಪಾಸ್‌ವರ್ಡುಗಳನ್ನು ಬೀಗ ಹಾಕಿ ಇಡುವ ತಿಜೋರಿ ಹಾಗಲ್ಲ. ಅದರ ಪ್ರತಿಯನ್ನೇ ಯಾರಾದರೂ ಹೊತ್ತೊಯ್ದರೆ ತಮ್ಮ ಮನೆಯಲ್ಲಿ ಕೂತು ಕಂಪ್ಯೂಟರಿನಿಂದ ಕೋಟಿಗಟ್ಟಲೆ ಸಲ ಪ್ರಯತ್ನಿಸಬಹುದು, ತಡೆಯುವವರಿಲ್ಲ. ಇದು ಬರೀ ಕಲ್ಪನೆಯಲ್ಲ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಮ್ಯಾನೇಜರಿನ ಗ್ರಾಹಕರ ತಿಜೋರಿಗಳ ಬ್ಯಾಕಪ್ ಪ್ರತಿಗಳನ್ನು ಕಳ್ಳರು ಎತ್ತಿಕೊಂಡು ಹೋದರು. ಒಳಗಿನ ಪಾಸ್‌ವರ್ಡುಗಳು ಬೀಗ ಹಾಕಿದ ಸ್ಥಿತಿಯಲ್ಲೇ ಇದ್ದವು, ಆದರೆ ಆ ಬೀಗದ ಗಟ್ಟಿತನ ಬಹುಮಟ್ಟಿಗೆ ಪ್ರತಿಯೊಬ್ಬರ ಮಾಸ್ಟರ್ ಪಾಸ್‌ವರ್ಡಿನ ಮೇಲೆ ನಿಂತಿತ್ತು.

ಬ್ಯಾಂಕಿನ ಲಾಗಿನ್ನಿಗೆ ನಾನು ಮನೆಯಲ್ಲಿ ಮಾಡಿಸುವ ವಿಧಾನ ಹೀಗಿದೆ. ಹಾಳೆಯನ್ನು ಹರಿದು 40 ಚೀಟಿ ಮಾಡಿ. ಪ್ರತಿಯೊಂದರಲ್ಲಿ ಒಂದು ಸಾದಾ ಪದ: ಅಡುಗೆಮನೆಯದ್ದು, ಬೀದಿಯದ್ದು, ತೋಟದ್ದು. ದೇವರ ಹೆಸರು, ಮೊಮ್ಮಕ್ಕಳ ಹೆಸರು, ಊರಿನ ಹೆಸರು ಬೇಡ. ವಚನದ ಸಾಲು, ಭಾವಗೀತೆಯ ಪಲ್ಲವಿ ಕೂಡ ಬೇಡ, ಎಷ್ಟೇ ಉದ್ದವಿದ್ದರೂ ಅದು ಎಲ್ಲರ ಬಾಯಲ್ಲಿರುವ ಮಾತು. ಚೀಟಿಗಳನ್ನು ಸ್ಟೀಲ್ ಡಬ್ಬಿಗೆ ಹಾಕಿ ಕುಲುಕಿ, ಅತ್ತೆಯ ಕೈಯಲ್ಲೇ ಮೂರು ಎತ್ತಿಸಿ. ಎತ್ತಿದ ಕ್ರಮದಲ್ಲೇ ಇಟ್ಟುಕೊಳ್ಳಬೇಕು. "ಇದು ಚೆನ್ನಾಗಿಲ್ಲ, ಇನ್ನೊಂದು ಎತ್ತುತ್ತೇನೆ" ಅನ್ನಲು ಬಿಡಬೇಡಿ. ನಾವು ಆರಿಸಲು ಶುರು ಮಾಡಿದರೆ ಎಲ್ಲರೂ ಆರಿಸುವುದನ್ನೇ ಆರಿಸುತ್ತೇವೆ.

ಉದಾಹರಣೆಗೆ ಕಪ್ಪೆ, ತುಪ್ಪ, ಗುಡಿ ಬಂತು ಅನ್ನಿ. ಬ್ಯಾಂಕು ದೊಡ್ಡಕ್ಷರ, ಅಂಕಿ, ಚಿಹ್ನೆ ಕೇಳುತ್ತದೆ, ಎಷ್ಟೋ ಕಡೆ ಒಟ್ಟು 20 ಅಕ್ಷರ ಮೀರಕೂಡದು ಅನ್ನುತ್ತದೆ. ಆಗ ಹೀಗೆ ಬರೆದುಕೊಳ್ಳಬಹುದು:

```
Kappe@tuppa@gudi4
```

ಹದಿನೇಳು ಅಕ್ಷರ, ನಿಯಮಗಳೆಲ್ಲ ಪೂರೈಸಿದವು. (ಇದನ್ನೇ ಇಟ್ಟುಕೊಳ್ಳಬೇಡಿ, ಇಲ್ಲಿ ಅಚ್ಚಾಗಿದೆ.) 40 ಚೀಟಿಯಲ್ಲಿ ಮೂರನ್ನು ಕ್ರಮವಾಗಿ ಎತ್ತುವ ಬಗೆಗಳು 40×39×38, ಅಂದರೆ 59,280. ಕಳ್ಳನಿಗೆ ನಿಮ್ಮ ನಲವತ್ತೂ ಪದಗಳ ಪಟ್ಟಿ ಸಿಕ್ಕಿದೆ, ಅಂಕಿ ಮತ್ತು ಚಿಹ್ನೆಯೂ ಗೊತ್ತಿದೆ ಅಂತಲೇ ಇಟ್ಟುಕೊಳ್ಳೋಣ. ದಿನಕ್ಕೆ ಮೂರರಂತೆ ಬಿಡದೆ ಪ್ರಯತ್ನಿಸಿದರೂ ಎಲ್ಲವನ್ನೂ ಮುಗಿಸಲು 54 ವರ್ಷ ಬೇಕು, ಸರಾಸರಿ ಅದೃಷ್ಟಕ್ಕೂ 27 ವರ್ಷ. ಬ್ಯಾಂಕಿನ ಬಾಗಿಲಿಗೆ ಇಷ್ಟು ಧಾರಾಳ ಸಾಕು. ಇದೇ ಮೂರು ಪದ ಮ್ಯಾನೇಜರಿನ ಮಾಸ್ಟರ್ ಪಾಸ್‌ವರ್ಡ್ ಆದರೆ 59 ಸಾವಿರ ಅನ್ನುವುದು ಕಂಪ್ಯೂಟರಿಗೆ ಲೆಕ್ಕಕ್ಕೇ ಇಲ್ಲ. ಅಲ್ಲಿ ಐದಾರು ಪದ ಬೇಕು, ಅದೂ ನಿಘಂಟಿನಷ್ಟು ದೊಡ್ಡ ರಾಶಿಯಿಂದ ಕಣ್ಣುಮುಚ್ಚಿ ಎತ್ತಿದ್ದು. ಬಾಯಿಪಾಠದ ಭಾರ ಹೆಚ್ಚುವುದು ಮ್ಯಾನೇಜರಿನಲ್ಲೇ ಅನ್ನುವುದನ್ನು ನಿಮ್ಮ ತಂಗಿಗೆ ಹೇಳಿ.

ಕನ್ನಡ ಪದ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಂದು ಗುಂಡಿ ಇದೆ, ಅದರಲ್ಲಿ ನಾನೇ ಬಿದ್ದಿದ್ದೇನೆ. ನಮ್ಮತ್ತೆಗೆ, ಅಂದರೆ ನನ್ನ ಗಂಡನ ತಾಯಿಗೆ, ಚೀಟಿಯಲ್ಲಿ ಶಾವಿಗೆ ಬಂದಿತ್ತು. ಮೊದಲ ಸಲ `shavige` ಅಂತ ಒತ್ತಿದರು, ಎರಡನೆಯ ಸಲ `shaavige`, ಮೂರನೆಯ ಸಲ `shyavige`. ಮೂರನೆಯದಕ್ಕೆ ಖಾತೆ ಲಾಕ್. ಪದ ನೆನಪಿತ್ತು, ಕಾಗುಣಿತ ನೆನಪಿರಲಿಲ್ಲ! ಹಾಗಾಗಿ ಚೀಟಿ ಬರೆಯುವಾಗಲೇ ದೀರ್ಘಸ್ವರ, ಮಹಾಪ್ರಾಣ, ಳ ಇರುವ ಪದಗಳನ್ನು ಬಿಟ್ಟುಬಿಡಿ. ಒಂದೇ ರೀತಿಯಲ್ಲಿ ಬರೆಯಲು ಬರುವ ಪದಗಳೇ ಇರಲಿ. ಬೀರುವಿನ ಕಾಗದದ ಮೇಲೆ ಇಂಗ್ಲಿಷ್ ಅಕ್ಷರದಲ್ಲೇ, ದೊಡ್ಡದಾಗಿ, ಬಿಡಿಸಿ ಬರೆಯಿರಿ. ಅತ್ತೆಯ ಫೋನಿನಲ್ಲಿ ಕನ್ನಡ ಕೀಬೋರ್ಡ್ ಕೂಡ ಇದ್ದರೆ, ಒತ್ತುವ ಮುಂಚೆ ಅದು ಇಂಗ್ಲಿಷಿಗೆ ತಿರುಗಿದೆಯೇ ಅಂತ ನೋಡಿಕೊಳ್ಳುವ ಅಭ್ಯಾಸ ಮಾಡಿಸಿ. ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕಿ ಕಾಣುವುದರಿಂದ ತಪ್ಪು ಎಲ್ಲಾಯಿತು ಅಂತ ಗೊತ್ತೇ ಆಗುವುದಿಲ್ಲ. ಪಕ್ಕದಲ್ಲಿರುವ ಕಣ್ಣಿನ ಚಿತ್ರ ಒತ್ತಿದರೆ ಅಕ್ಷರಗಳು ಕಾಣುತ್ತವೆ. ಮನೆಯಲ್ಲಿ ಒಬ್ಬರೇ ಕೂತಾಗ ಅದನ್ನು ಒತ್ತಿಯೇ ಬರೆಯಲಿ, ಸಂಕೋಚ ಬೇಡ. ಮ್ಯಾನೇಜರು ತಾನಾಗಿ ಹುಟ್ಟಿಸುವ ಪಾಸ್‌ವರ್ಡುಗಳಲ್ಲಿ ಸಣ್ಣ ಎಲ್, ದೊಡ್ಡ ಐ, ಒಂದು, ಸೊನ್ನೆ, ಓ ಎಲ್ಲ ಎಷ್ಟೋ ಸಲ ಕಲಸಿರುತ್ತವೆ. ಪೊರೆ ಬಂದ ಕಣ್ಣಿಗೆ ಅವನ್ನು ನೋಡಿ ಒತ್ತುವುದು ಹಿಂಸೆ.

ಇಷ್ಟು ಹೇಳಿದ ಮೇಲೆ ಮ್ಯಾನೇಜರಿನ ಪರವಾಗಿ ಇರುವ ನಿಜವಾದ ವಾದವನ್ನೂ ಹೇಳಬೇಕು, ಯಾಕೆಂದರೆ ಅದು ದೊಡ್ಡದು. ಮ್ಯಾನೇಜರಿಗೆ ಮೋಸ ಹೋಗಲು ಬರುವುದಿಲ್ಲ. ಯಾವ ವಿಳಾಸದಲ್ಲಿ ಪಾಸ್‌ವರ್ಡ್ ಉಳಿಸಿದ್ದೆವೋ ಅದೇ ವಿಳಾಸದಲ್ಲಿ ಮಾತ್ರ ಅದು ತಾನಾಗಿ ತುಂಬಲು ಮುಂದೆ ಬರುತ್ತದೆ. "ಕೆವೈಸಿ ಅಪ್‌ಡೇಟ್ ಮಾಡದಿದ್ದರೆ ಖಾತೆ ಬಂದ್" ಅಂತ ಬಂದ ಮೆಸೇಜಿನ ಕೊಂಡಿ ಒತ್ತಿದರೆ ತೆರೆಯುವ ಪುಟ ಬ್ಯಾಂಕಿನದರಂತೆಯೇ ಇರುತ್ತದೆ. ವಿಳಾಸ ಹೀಗಿರಬಹುದು:

```
nimmabank.bank.in.kyc-help.com
```

ನಮ್ಮ ಕಣ್ಣು ಮೊದಲಿನಿಂದ ಓದುತ್ತದೆ, `bank.in` ಕಂಡು ಸಮಾಧಾನ ಪಡುತ್ತದೆ. ವಿಳಾಸದ ಯಜಮಾನ ಯಾರು ಅನ್ನುವುದು ಕೊನೆಯಲ್ಲಿರುತ್ತದೆ, ಇಲ್ಲಿ ಅದು `kyc-help.com`. ಮ್ಯಾನೇಜರು ಕೊನೆಯನ್ನೇ ನೋಡಿ ಸುಮ್ಮನೆ ಕೂರುತ್ತದೆ. ಆ ಮೌನವೇ ಎಚ್ಚರಿಕೆ. ಭಾರತದ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ `.bank.in` ಎಂದು ಕೊನೆಯಾಗುವ ವಿಳಾಸಕ್ಕೆ ಹೋಗಬೇಕು ಅಂತ ರಿಸರ್ವ್ ಬ್ಯಾಂಕ್ ಆದೇಶಿಸಿದ್ದು ಈ ಕಾರಣಕ್ಕೇ. ಆ ಕೊನೆ ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ. ಆದರೆ ಕೊನೆಯನ್ನು ನೋಡುವ ಅಭ್ಯಾಸ ನಮಗಿರಬೇಕಲ್ಲ.

ಹಾಗಾದರೆ ಬ್ಯಾಂಕಿನ ಪಾಸ್‌ವರ್ಡನ್ನೂ ಮ್ಯಾನೇಜರಿಗೇ ಕೊಟ್ಟರಾಗದೇ? ಕೊಡಬಹುದಿತ್ತು, ಬ್ಯಾಂಕುಗಳು ಸಹಕರಿಸಿದ್ದರೆ. ಕೆಲವು ಬ್ಯಾಂಕುಗಳ ಲಾಗಿನ್ ಪುಟ ಅಂಟಿಸುವುದನ್ನು ತಡೆಯುತ್ತದೆ, ಕೆಲವು ಕಡೆ ಪರದೆಯ ಮೇಲಿನ ಕೀಬೋರ್ಡಿನಲ್ಲೇ ಒತ್ತಬೇಕು. ಆಗ ನಿಜವಾದ ಬ್ಯಾಂಕಿನ ಪುಟದಲ್ಲೂ ಮ್ಯಾನೇಜರು ತುಂಬುವುದಿಲ್ಲ. ಅತ್ತೆಗೆ ಅದು ಕಲಿಸುವ ಪಾಠ ತಿರುಗುಮುರುಗು: "ಇದು ಕೆಲವೊಮ್ಮೆ ತುಂಬಲ್ಲ, ಆಗ ನಾವೇ ಒತ್ತಬೇಕು." ನಕಲಿ ಪುಟದಲ್ಲೂ ಅವರು ಹಾಗೇ ಮಾಡುತ್ತಾರೆ. ಆದ್ದರಿಂದ ನಿಮ್ಮ ಅತ್ತೆಯ ಬ್ಯಾಂಕಿನ ಪುಟದಲ್ಲಿ ಅದು ಸರಿಯಾಗಿ ತುಂಬುತ್ತದೆಯೇ ಅಂತ ನೀವು ಮೊದಲು ಪರೀಕ್ಷಿಸಿ. ತುಂಬಿದರೆ ಅಲ್ಲೂ ಉಳಿಸಿ, ಕಾಗದ ಹೇಗೂ ಇರಲಿ. ತುಂಬದಿದ್ದರೆ ಬ್ರೌಸರಿನ ದಾರಿಯನ್ನೇ ಮುಚ್ಚಿ: ಅತ್ತೆಗೆ ಬ್ಯಾಂಕು ಅಂದರೆ ಫೋನಿನ ಮೊದಲ ಪರದೆಯ ಮೇಲಿರುವ ಆ ಒಂದು ಆ್ಯಪ್, ಬೇರೆ ಬ್ಯಾಂಕೇ ಇಲ್ಲ. ಮೆಸೇಜಿನಲ್ಲಿ ಬಂದ ಯಾವ ಕೊಂಡಿಯೂ ಬ್ಯಾಂಕಲ್ಲ. ಆ್ಯಪನ್ನು ಪ್ಲೇ ಸ್ಟೋರಿನಿಂದ ನೀವೇ ಹಾಕಿಕೊಡಿ. ಸೆಟ್ಟಿಂಗ್ಸಿನಲ್ಲಿ `Install unknown apps` ಅಂತ ಹುಡುಕಿ ವಾಟ್ಸಾಪ್ ಮತ್ತು ಕ್ರೋಮ್ ಎರಡಕ್ಕೂ ಅನುಮತಿ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಮದುವೆ ಆಮಂತ್ರಣ, ಟ್ರಾಫಿಕ್ ದಂಡದ ಚಲನ್ ಅಂತ ವೇಷ ಹಾಕಿ ಬರುವ, ಒತ್ತಿದರೆ ಆ್ಯಪ್ ಆಗಿ ಕೂರುವ ಎಪಿಕೆ ಫೈಲುಗಳು ನುಗ್ಗುವುದು ಆ ಬಾಗಿಲಿನಿಂದ.

ಚಿಲ್ಲರೆ ಪಾಸ್‌ವರ್ಡುಗಳಿಗೆ ಹೊಸ ಮ್ಯಾನೇಜರ್ ಕೊಂಡು ತರಬೇಡಿ. ಆಂಡ್ರಾಯ್ಡ್ ಫೋನಿನಲ್ಲಿ `Google Password Manager` ಇದ್ದೇ ಇದೆ. ಪ್ರತ್ಯೇಕ ಮಾಸ್ಟರ್ ಪಾಸ್‌ವರ್ಡ್ ಇಲ್ಲ, ಫೋನಿನ ಲಾಕೇ ಅದರ ಬೀಗ. ಅತ್ತೆ ಹೊಸದೇನನ್ನೂ ಕಲಿಯಬೇಕಿಲ್ಲ ಅನ್ನುವುದು ಲಾಭ. ಫೋನಿನ ಪಿನ್ ಗೊತ್ತಿರುವವರಿಗೆಲ್ಲ ಒಳಗಿನ ಪಾಸ್‌ವರ್ಡುಗಳೂ ಕಾಣುತ್ತವೆ ಅನ್ನುವುದು ಅದರ ಬೆಲೆ. ಪಕ್ಕದ ಮನೆಯ ಹುಡುಗ ಯೂಟ್ಯೂಬ್ ನೋಡಲು ಪಿನ್ ಕೇಳಿಕೊಂಡಿದ್ದಾನೋ ವಿಚಾರಿಸಿ. ಕೇಳಿಕೊಂಡಿದ್ದರೆ ಬದಲಿಸಿ, ಆರು ಅಂಕಿಯದು ಹಾಕಿ. ಬೆರಳಚ್ಚನ್ನು ಮಾತ್ರ ನಂಬಿ ಕೂರಬೇಡಿ. ವಯಸ್ಸಾದವರ ಬೆರಳಿನ ಗೆರೆ ಸವೆದಿರುತ್ತದೆ, ಪಾತ್ರೆ ತಿಕ್ಕಿದ ಒದ್ದೆ ಕೈಗೆ ಫೋನ್ ಒಲಿಯುವುದಿಲ್ಲ, ರೀಸ್ಟಾರ್ಟ್ ಆದ ಮೇಲಂತೂ ಪಿನ್ ಕೇಳೇ ಕೇಳುತ್ತದೆ.

ಯುಪಿಐ ಪಿನ್, ಎಟಿಎಂ ಪಿನ್, ಫೋನ್ ಪಿನ್ ಮೂರೂ ಬೇರೆ ಬೇರೆ ಇರಲಿ. ನೆನಪು ಕೂರಿಸಲು ಒಂದು ವಾರ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನಿಮಗೆ ಒಂದು ರೂಪಾಯಿ ಕಳಿಸಲು ಹೇಳಿ. ಹದಿನಾಲ್ಕು ರೂಪಾಯಿ ಖರ್ಚು, ಅದೂ ನಿಮಗೇ ಲಾಭ. ಆಮೇಲೆ ಬಳಕೆಯೇ ನೋಡಿಕೊಳ್ಳುತ್ತದೆ. ದುಡ್ಡು ಬರಲು ಪಿನ್ ಬೇಡ, ಕೊಡಲು ಮಾತ್ರ ಬೇಕು ಅನ್ನುವುದು ಈ ವಾರದಲ್ಲೇ ಅವರ ಕೈಗೆ ಅನುಭವಕ್ಕೆ ಬರುತ್ತದೆ. ನಿಮ್ಮಿಂದಲೂ ಒಂದು ರೂಪಾಯಿ ವಾಪಸು ಕಳಿಸಿ ತೋರಿಸಿ.

ಇನ್ನು, ಪಾಸ್‌ವರ್ಡ್ ಎಷ್ಟು ಗಟ್ಟಿಯಾದರೂ ಅದನ್ನು ಬದಲಿಸುವ ದಾರಿ ಸಡಿಲವಾಗಿದ್ದರೆ ಪ್ರಯೋಜನವಿಲ್ಲ. ಲಾಗಿನ್ ಪುಟದಲ್ಲಿ `Forgot Password` ಒತ್ತಿದರೆ ಬ್ಯಾಂಕು ಕೇಳುವುದು ಸಾಮಾನ್ಯವಾಗಿ ಡೆಬಿಟ್ ಕಾರ್ಡಿನ ವಿವರ ಮತ್ತು ಫೋನಿಗೆ ಬರುವ ಒಟಿಪಿ. ಯುಪಿಐ ಪಿನ್ ಹೊಸದಾಗಿ ಇಡಲೂ ಕಾರ್ಡಿನ ಕೊನೆಯ ಆರು ಅಂಕಿ, ಅವಧಿ ಮುಗಿಯುವ ತಿಂಗಳು, ಒಟಿಪಿ ಎಷ್ಟೋ ಕಡೆ ಸಾಕಾಗುತ್ತದೆ. ಈಗ ಅತ್ತೆಯ ಪರ್ಸ್ ತೆರೆದು ನೋಡಿ. ಫೋನ್ ಒಂದು ಕಡೆ, ಅದರ ಕವರಿನ ಹಿಂದೆ ಸಿಕ್ಕಿಸಿದ ಎಟಿಎಂ ಕಾರ್ಡ್, ಕಾರ್ಡಿನ ಚೀಲದ ಮೇಲೆ ಪೆನ್ನಿನಲ್ಲಿ ಬರೆದ ನಾಲ್ಕು ಅಂಕಿ. ಗಾಂಧಿ ಬಜಾರಿನ ಸಂತೆಯಲ್ಲಿ ಆ ಒಂದು ಪರ್ಸ್ ಹೋದರೆ ಎಲ್ಲ ಹೋದಂತೆ. ಎಷ್ಟೋ ಫೋನುಗಳಲ್ಲಿ ಒಟಿಪಿ ನೋಡಲು ಲಾಕ್ ತೆರೆಯಬೇಕಿಲ್ಲ, ಮೆಸೇಜು ಲಾಕಿನ ಪರದೆಯ ಮೇಲೇ ಮೂಡುತ್ತದೆ. ಅದನ್ನು ನಿಲ್ಲಿಸಲು ನೋಟಿಫಿಕೇಷನ್ ಸೆಟ್ಟಿಂಗಿನಲ್ಲಿ ಲಾಕ್ ಪರದೆಯ ಮೇಲೆ ಗುಟ್ಟಿನ ವಿಷಯ ತೋರಿಸಬೇಡ ಅಂತ ಆರಿಸಬೇಕು. ನಿಮ್ಮ ಭೇಟಿಯ ಮೊದಲ ಐದು ನಿಮಿಷದ ಕೆಲಸ ಇದಾಗಲಿ. ಕಾರ್ಡ್ ಮನೆಯಲ್ಲಿರಲಿ, ಯುಪಿಐ ಇರುವಾಗ ಸಂತೆಗೆ ಅದು ಯಾಕೆ? ಸಿಮ್ ಕಿತ್ತು ಬೇರೆ ಫೋನಿಗೆ ಹಾಕದಂತೆ ಸಿಮ್‌ಗೇ ಪಿನ್ ಇಡಿ ಅಂತ ಕೆಲವರು ಹೇಳುತ್ತಾರೆ. ಒಳ್ಳೆಯ ಸಲಹೆಯೇ, ಆದರೆ ಮೂರು ಸಲ ತಪ್ಪಿದರೆ ಸಿಮ್ಮಿನ ಬೀಗ ಬಿಡಿಸುವ ಪಿಯುಕೆ ಕೋಡಿಗಾಗಿ ಕಂಪನಿಯ ಹಿಂದೆ ಅಲೆಯಬೇಕು. ಅತ್ತೆಗೆ ಇನ್ನೂ ಒಂದು ಅಂಕಿ ಹೊರಿಸುವ ಬದಲು, ಫೋನ್ ಕಳೆದರೆ ಮೊದಲ ಹತ್ತು ನಿಮಿಷದಲ್ಲಿ ನಿಮಗೆ ಕರೆ ಮಾಡಿ ಸಿಮ್ ಬ್ಲಾಕ್ ಮಾಡಿಸುವ ಏರ್ಪಾಡು ಸಾಕು ಅಂತ ನನ್ನ ಅಭಿಪ್ರಾಯ. ನಿಮ್ಮ ನಂಬರ್ ಅವರಿಗೆ ಬಾಯಲ್ಲಿ ಬರಬೇಕು, ಕಾಂಟ್ಯಾಕ್ಟಿನಲ್ಲಿದ್ದರೆ ಸಾಲದು.

ಚಿಕ್ಕಪ್ಪನ ಕಥೆಯಲ್ಲಿ ನಿಜವಾಗಿ ತಡವಾಗಿದ್ದೂ ಇಲ್ಲೇ. ಬ್ಯಾಂಕಿನಲ್ಲಿ ನೋಂದಾಯಿಸಿದ ಮೊಬೈಲ್ ನಂಬರ್ ಅವರ ಹಳೆಯದು, ರೀಚಾರ್ಜ್ ಮಾಡಿಸದೆ ಸತ್ತುಹೋಗಿತ್ತು. ಒಟಿಪಿ ಬರಲಿಲ್ಲ, ಕೊನೆಗೆ ಶಾಖೆಗೆ ಹೋಗಿ ಅರ್ಜಿ ಬರೆದು ನಂಬರ್ ಬದಲಿಸಿದ ಮೇಲೆ ದಾರಿ ತೆರೆಯಿತು. ಅತ್ತೆಯ ಸಿಮ್ ಅವರ ಹೆಸರಿನಲ್ಲೇ ಇದೆಯೇ, ಬ್ಯಾಂಕಿನಲ್ಲಿರುವುದು ಅದೇ ನಂಬರೇ, ರೀಚಾರ್ಜ್ ಯಾರು ಮಾಡಿಸುತ್ತಾರೆ, ಇಷ್ಟು ನೋಡಿಕೊಳ್ಳಿ.

"ಪಾಸ್‌ವರ್ಡ್ ನನ್ನ ಹತ್ತಿರವೂ ಒಂದು ಇರಲಿ" ಅಂತ ನಿಮಗೆ ಅನಿಸುತ್ತಿರುತ್ತದೆ. ಬೇಡ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋದರೆ, ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದಲ್ಲಿ ಗ್ರಾಹಕರ ಮೇಲೆ ಭಾರವಿಲ್ಲ. ಪಾಸ್‌ವರ್ಡ್, ಪಿನ್ ಹಂಚಿಕೊಂಡಂಥ ನಿರ್ಲಕ್ಷ್ಯದಿಂದ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಗ್ರಾಹಕರದ್ದೇ. ನೀವು ಒಳ್ಳೆಯವರೇ ಇರಬಹುದು, ಆದರೆ ಇಬ್ಬರಿಗೆ ಗೊತ್ತಿದ್ದ ಪಾಸ್‌ವರ್ಡ್ ಅನ್ನುವ ಒಂದು ವಾಕ್ಯ ಅತ್ತೆಯ ದೂರನ್ನು ಕೆಡಿಸಬಹುದು. ಅವರು ಆಸ್ಪತ್ರೆ ಸೇರಿದಾಗ ದುಡ್ಡು ಬೇಕಾಗುತ್ತದೆ ಅನ್ನುವುದು ಚಿಂತೆಯಾದರೆ ಅದಕ್ಕೆ ಜಂಟಿ ಖಾತೆ ಇದೆ, ಅವರ ನಂತರದ್ದಕ್ಕೆ ನಾಮಿನಿ ಇದೆ. ಬೀರುವಿನ ಕೀಲಿ ಎಲ್ಲಿದೆ ಅಂತ ನಿಮಗೆ ಗೊತ್ತಿದ್ದರೆ ಸಾಕು.

ಪಿಂಚಣಿ ಬೀಳುವ ಖಾತೆಗೇ ಯುಪಿಐ ಜೋಡಿಸಿದ್ದೀರಲ್ಲ, ಅದನ್ನು ಬಿಡಿಸಿಬಿಡಿ. ಇನ್ನೊಂದು ಸಣ್ಣ ಉಳಿತಾಯ ಖಾತೆ ತೆರೆಸಿ ಅದಕ್ಕೆ ಜೋಡಿಸಿ, ತಿಂಗಳ ಖರ್ಚಿಗಾಗುವಷ್ಟು ಮಾತ್ರ ಅದರಲ್ಲಿರಲಿ. ಯಾವನೋ ಪೊಲೀಸ್ ಅಧಿಕಾರಿಯ ದನಿಯಲ್ಲಿ ಹೆದರಿಸಿ ಅತ್ತೆಯ ಕೈಯಿಂದಲೇ ಯುಪಿಐ ಪಿನ್ ಒತ್ತಿಸಿದರೆ ಮ್ಯಾನೇಜರೂ ಇಲ್ಲ, ಚೀಟಿಯೂ ಇಲ್ಲ. ಆಗ ಹೋಗುವುದು ಆ ಖಾತೆಯಲ್ಲಿ ಎಷ್ಟಿದೆಯೋ ಅಷ್ಟೇ. ಹಾಗಾದರೆ ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ಎರಡನೆಯದು ಬ್ಯಾಂಕಿಗೆ. ಎರಡೂ ನಂಬರನ್ನು ಫೋನಿನ ಹಿಂದೆ ಅಂಟಿಸಿಬಿಡಿ. ಎಟಿಎಂ ಕಾರ್ಡ್ ಸಿಕ್ಕಿಸಿದ್ದ ಜಾಗ ಈಗ ಖಾಲಿಯಾಗಿರುತ್ತದಲ್ಲ.

ಎರಡು ತಿಂಗಳು ಬಿಟ್ಟು ಒಮ್ಮೆ ಹೋಗಿ ಕೂತು ನೋಡಿ. ಕಾಗದ ನೋಡದೆ ಯುಪಿಐ ಪಿನ್ ಒತ್ತಲು ಬರುತ್ತದೆಯೇ, ಕಾಗದ ನೋಡಿ ನೆಟ್‌ಬ್ಯಾಂಕಿಂಗ್ ಒಳಗೆ ಹೋಗಲು ಬರುತ್ತದೆಯೇ. ಬಂದರೆ ಏನನ್ನೂ ಬದಲಿಸಬೇಡಿ. ಕೆಲವು ಬ್ಯಾಂಕುಗಳು ಆಗಾಗ ಪಾಸ್‌ವರ್ಡ್ ಬದಲಿಸಲು ಬಲವಂತ ಮಾಡುತ್ತವೆ, ಆಗ ಡಬ್ಬಿಯಿಂದ ಹೊಸ ಚೀಟಿ ಎತ್ತಿ, ಹಳೆಯ ಕಾಗದ ಹರಿದುಹಾಕಿ. ತಿಂಗಳಲ್ಲಿ ಎರಡು ಸಲ ಪಿನ್ ರೀಸೆಟ್ ಮಾಡಿಸಿಕೊಂಡಿದ್ದಾರೆ, ಅಥವಾ ಕಾಗದ ಎಲ್ಲಿಟ್ಟೆ ಅನ್ನುವುದೇ ಮರೆತಿದೆ ಅಂತಾದರೆ ಅದು ಪಾಸ್‌ವರ್ಡಿನ ತೊಂದರೆಯಲ್ಲ. ಯಾವ ಮ್ಯಾನೇಜರೂ ಅದನ್ನು ಸರಿಮಾಡುವುದಿಲ್ಲ. ಆಗ ನೆಟ್‌ಬ್ಯಾಂಕಿಂಗಿನಲ್ಲಿ ನೋಡುವ ಹಕ್ಕನ್ನಷ್ಟೇ ಉಳಿಸಿ ವರ್ಗಾವಣೆ ನಿಲ್ಲಿಸಲು ಬರುತ್ತದೆಯೇ ಅಂತ ಶಾಖೆಯಲ್ಲಿ ಕೇಳಿ, ವೈದ್ಯರನ್ನೂ ಒಮ್ಮೆ ಕಾಣಿಸಿ.